ತಿದ್ದುಪಡಿ ಅಂತರ: ಎರಡು ಸಾಲುಗಳಿಗೆ ಇಳಿಸಿದ ಮೇಲೆ ಉತ್ತರ ಏಕೆ ತಪ್ಪುತ್ತಿದೆ?

ಕೋಷ್ಟಕಪ್ರಿಯ:

ಒಂದು ಅನುಕ್ರಮವನ್ನು ಇನ್ನೊಂದಾಗಿ ಮಾಡಲು ಕನಿಷ್ಠ ಎಷ್ಟು ಸೇರ್ಪಡೆ, ಅಳಿಸುವಿಕೆ, ಬದಲಾವಣೆಗಳು ಬೇಕು ಎಂಬುದನ್ನು ಡೈನಮಿಕ್ ಪ್ರೋಗ್ರಾಮಿಂಗ್ ಮೂಲಕ, ಪೂರ್ಣ ಕೋಷ್ಟಕ ಕಟ್ಟಿ ಲೆಕ್ಕ ಹಾಕುವ ಪ್ರೋಗ್ರಾಂ ನನ್ನಲ್ಲಿದೆ, ಮತ್ತು ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಇರುವುದು ಉದ್ದದಲ್ಲಿ. ಎರಡೂ ಅನುಕ್ರಮಗಳಲ್ಲಿ 50,000 ಅಕ್ಷರಗಳಿದ್ದರೆ ಕೋಷ್ಟಕದಲ್ಲಿ ಸುಮಾರು 250 ಕೋಟಿ ಮನೆಗಳಾಗುತ್ತವೆ. ಒಂದು ಮನೆಗೆ 4 ಬೈಟ್ ಎಂದುಕೊಂಡರೂ 10 ಜಿಬಿ ಮೆಮೊರಿ ಬೇಕಾಗುತ್ತದೆ.

ಯಾವುದೇ ಮನೆಯನ್ನು ತುಂಬಲು ಅದರ ಮೇಲಿನ ಮನೆ, ಎಡಗಡೆಯ ಮನೆ ಮತ್ತು ಮೇಲಿನ ಸಾಲಿನಲ್ಲಿ ಓರೆಯಾಗಿ ಎಡಕ್ಕಿರುವ ಮನೆ ಇಷ್ಟೇ ಸಾಕು. ಆದ್ದರಿಂದ ಹಿಂದಿನ ಒಂದು ಸಾಲು ಮತ್ತು ಈಗಿನ ಒಂದು ಸಾಲನ್ನು ಮಾತ್ರ ಇಟ್ಟುಕೊಂಡು ಹೀಗೆ ಬರೆದಿದ್ದೇನೆ:

```python
def dist(a, b):
    n = len(b)
    prev = list(range(n + 1))
    cur = [0] * (n + 1)
    for i in range(1, len(a) + 1):
        cur[0] = i
        for j in range(1, n + 1):
            cost = 0 if a[i-1] == b[j-1] else 1
            cur[j] = min(prev[j] + 1, cur[j-1] + 1, prev[j-1] + cost)
        prev = cur
    return prev[n]
```

`dist("ನಗರ", "ಗರಗಸ")` ಎಂದು ಕೇಳಿದರೆ 5 ಬರುತ್ತದೆ. ಪೂರ್ಣ ಕೋಷ್ಟಕದ ಪ್ರೋಗ್ರಾಂ 3 ಎನ್ನುತ್ತದೆ. ಸೂತ್ರದಲ್ಲಿ ಒಂದು ಅಕ್ಷರವನ್ನೂ ಬದಲಿಸಿಲ್ಲ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು?

ಬಿಡಿಸಾಲು:

ಎರಡನೆಯ ಸುತ್ತು ಆರಂಭವಾದ ಮೇಲೆ `prev` ಮತ್ತು `cur` ಬೇರೆ ಬೇರೆ ಪಟ್ಟಿಗಳೇ ಎಂದು ಪರೀಕ್ಷಿಸಿದಿರಾ?

ಅರ್ಧವಿರಾಮ:

ಓರೆಯಲ್ಲಿರುವ ಮನೆಯ ಬೆಲೆ ಅಳಿಸಿಹೋಗುತ್ತಿದೆ, ಸಮಸ್ಯೆ ಅಷ್ಟೇ. ಒಳಗಿನ ಸುತ್ತಿನಲ್ಲಿ ಅದನ್ನು ತಿದ್ದುವ ಮೊದಲೇ ಬೇರೊಂದು ವೇರಿಯಬಲ್‌ನಲ್ಲಿ ತೆಗೆದಿಟ್ಟುಕೊಳ್ಳಿ, ಉತ್ತರ ಸರಿಯಾಗುತ್ತದೆ. ಎರಡು ಸಾಲುಗಳು ಸಾಕು ಎಂದು ಎಲ್ಲೆಡೆ ಹೇಳುತ್ತಾರೆ. ನಿಜವಾಗಿ ನೋಡಿದರೆ ಎರಡು ಸಾಲುಗಳ ಜೊತೆಗೆ ಇನ್ನೊಂದು ಮನೆಯೂ ಬೇಕಾಗುತ್ತದೆ.

ಹಳೆಯ ಕೀಲಿಮಣೆ:

ಅರ್ಧವಿರಾಮ ಅವರು ರೋಗಲಕ್ಷಣವನ್ನು ಸರಿಯಾಗಿ ಗುರುತಿಸಿದ್ದಾರೆ, ಆದರೆ ಮದ್ದು ಬೇರೆ ರೋಗದ್ದು. ನಿಜವಾಗಿಯೂ ಎರಡು ಸಾಲುಗಳಿದ್ದರೆ ಓರೆಯ ಮನೆ ಅಳಿಸಿಹೋಗುವ ಪ್ರಶ್ನೆಯೇ ಇಲ್ಲ, ಏಕೆಂದರೆ ಹಿಂದಿನ ಸಾಲಿಗೆ ಯಾರೂ ಬರೆಯುವುದಿಲ್ಲ. ಇಲ್ಲಿ ಎರಡು ಸಾಲುಗಳೇ ಇಲ್ಲ. `prev = cur` ಎಂದಾಗ ಪೈಥಾನ್ ಪಟ್ಟಿಯ ನಕಲು ಮಾಡುವುದಿಲ್ಲ, ಅದೇ ಪಟ್ಟಿಗೆ ಎರಡನೆಯ ಹೆಸರನ್ನು ಇಡುತ್ತದೆ. ಮೊದಲ ಸುತ್ತಿನವರೆಗೆ ಎಲ್ಲವೂ ಸರಿಯಾಗಿರುತ್ತದೆ. ಎರಡನೆಯ ಸುತ್ತಿನಿಂದ `prev[j-1]` ಎಂದು ಓದುವಾಗ ಸಿಗುವುದು ಆಗತಾನೇ ಬರೆದ `cur[j-1]`.

ಸರಿಯಾದ ಕೋಷ್ಟಕವನ್ನು ಕೈಯಲ್ಲಿ ತುಂಬಿ ನೋಡೋಣ. ಮೇಲೆ ಅಡ್ಡವಾಗಿ "ಗರಗಸ", ಎಡಗಡೆ ಕೆಳಮುಖವಾಗಿ "ನಗರ":

```
        ಗ  ರ  ಗ  ಸ
     0  1  2  3  4
ನ    1  1  2  3  4
ಗ    2  1  2  2  3
ರ    3  2  1  2  3
```

"ಗ" ಸಾಲಿನ ಮೊದಲ "ಗ" ಮನೆಯನ್ನು ಗಮನಿಸಿ. ಅಕ್ಷರಗಳು ಹೊಂದುವುದರಿಂದ ಓರೆಯ ಮನೆಯಲ್ಲಿರುವ 1 ಹಾಗೆಯೇ ಇಳಿದು ಬರಬೇಕು. ನಿಮ್ಮ ಪ್ರೋಗ್ರಾಂನಲ್ಲಿ ಆ 1ರ ಮೇಲೆ ಸುತ್ತಿನ ಆರಂಭದಲ್ಲೇ `cur[0] = 2` ಎಂದು ಬರೆದುಬಿಟ್ಟಿರುತ್ತೀರಿ. ಹಾಗಾಗಿ ಅಲ್ಲಿ 2 ಬರುತ್ತದೆ. ಅಲ್ಲಿಂದ ಮುಂದೆ ಆ ಸಾಲು 2 2 3 3 4 ಆಗಿ, ಕೊನೆಯ ಸಾಲು 3 3 3 4 5 ಆಗಿ, ನಿಮಗೆ ಕಂಡ 5 ಹೊರಬೀಳುತ್ತದೆ.

ಇದನ್ನು ಕೋಷ್ಟಕವಿಲ್ಲದೆಯೂ ಹಿಡಿಯಬಹುದಿತ್ತು. ಮೂರು ಅಕ್ಷರಗಳನ್ನು ಬದಲಿಸಿ ಒಂದನ್ನು ಸೇರಿಸಿದರೆ ಯಾವುದೇ ಮೂರಕ್ಷರದ ಪದ ಯಾವುದೇ ನಾಲ್ಕಕ್ಷರದ ಪದವಾಗುತ್ತದೆ, ಆದ್ದರಿಂದ ಅಂತರ 4ನ್ನು ಮೀರಲು ಸಾಧ್ಯವೇ ಇಲ್ಲ. ಹೆಚ್ಚು ಉದ್ದದ ಅನುಕ್ರಮಕ್ಕಿಂತ ದೊಡ್ಡ ಉತ್ತರ ಬಂದರೆ ಪ್ರೋಗ್ರಾಂ ತಪ್ಪಿದೆ ಎಂದೇ ಅರ್ಥ. ಇನ್ನೂ ಚಿಕ್ಕ ಪರೀಕ್ಷೆ ಬೇಕಿದ್ದರೆ `dist("ab", "ab")` ಕೇಳಿ ನೋಡಿ. 0 ಬರಬೇಕಾದಲ್ಲಿ 1 ಬರುತ್ತದೆ. ಮೊದಲ ಅನುಕ್ರಮದಲ್ಲಿ ಒಂದೇ ಅಕ್ಷರವಿದ್ದರೆ ಈ ದೋಷ ಕಾಣಿಸುವುದೇ ಇಲ್ಲ, ಏಕೆಂದರೆ ಎರಡನೆಯ ಸುತ್ತೇ ನಡೆಯುವುದಿಲ್ಲ.

`prev = cur` ಎಂಬ ಸಾಲನ್ನು `prev, cur = cur, prev` ಎಂದು ಬದಲಿಸಿ. ಪಟ್ಟಿಗಳು ಎರಡೇ ಇರುತ್ತವೆ, ಪ್ರತಿ ಸುತ್ತಿನ ಕೊನೆಗೆ ಹೆಸರುಗಳು ಮಾತ್ರ ಅದಲುಬದಲಾಗುತ್ತವೆ.

ಕೋಷ್ಟಕಪ್ರಿಯ:

ಹಾಗೆ ಮಾಡಿದೆ, ಈಗ 3 ಬರುತ್ತಿದೆ. ಆದರೆ ಹೆಸರು ಅದಲುಬದಲಾದ ಮೇಲೆ `cur` ಪಟ್ಟಿಯಲ್ಲಿ ಎರಡು ಸಾಲು ಹಿಂದಿನ ಹಳೆಯ ಅಂಕಿಗಳು ಉಳಿದಿರುತ್ತವೆಯಲ್ಲವೇ? ಪ್ರತಿ ಸುತ್ತಿನಲ್ಲೂ ಅವುಗಳನ್ನು ಸೊನ್ನೆ ಮಾಡಬೇಕೇ?

ಬಿಡಿಸಾಲು:

ಬೇಕಿಲ್ಲ. ಎಡದಿಂದ ಬಲಕ್ಕೆ ಪ್ರತಿಯೊಂದು ಮನೆಯನ್ನೂ ಓದುವ ಮೊದಲೇ ಬರೆದಿರುತ್ತೀರಿ. `cur[0] = i` ಎಂಬ ಸಾಲು ಮಾತ್ರ ಕಳಚಿಹೋಗದಿರಲಿ.

ಹಳೆಯ ಕೀಲಿಮಣೆ:

ಆ ಸಾಲು ಕಳಚಿದರೆ ಆಗುವುದು ಸ್ವಾರಸ್ಯಕರ. ಎರಡೂ ಪಟ್ಟಿಗಳ ಮೊದಲ ಮನೆ ಸೊನ್ನೆಯಿಂದಲೇ ಆರಂಭವಾಗುವುದರಿಂದ ಮೊದಲ ಕಾಲಂ ಪೂರ್ತಿ ಸೊನ್ನೆಯಾಗುತ್ತದೆ, ಮತ್ತು ನಿಮ್ಮ ಉದಾಹರಣೆಗೆ 3ರ ಬದಲು 2 ಬರುತ್ತದೆ. ಅದು ಅಡ್ಡಾದಿಡ್ಡಿ ಅಂಕಿಯಲ್ಲ, ಬೇರೊಂದು ಪ್ರಶ್ನೆಯ ಸರಿಯಾದ ಉತ್ತರ: "ನಗರ"ದ ಆರಂಭದ ಎಷ್ಟು ಅಕ್ಷರಗಳನ್ನಾದರೂ ಪುಕ್ಕಟೆಯಾಗಿ ಬಿಡಬಹುದು ಎಂದಾದರೆ "ಗರ" ಉಳಿಯುತ್ತದೆ, ಅದನ್ನು "ಗರಗಸ" ಮಾಡಲು ಎರಡು ಸೇರ್ಪಡೆ ಸಾಕು. ಉದ್ದನೆಯ ಪಠ್ಯದೊಳಗೆ ಒಂದು ಪದವನ್ನು ಹೋಲುವ ಭಾಗವನ್ನು ಹುಡುಕುವವರು ಬೇಕೆಂದೇ ಹೀಗೆ ಮಾಡುತ್ತಾರೆ. ಆದ್ದರಿಂದಲೇ ಈ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಬರುವ ಅಂಕಿಗಳು ನಂಬುವಂತೆಯೇ ಇರುತ್ತವೆ, ಒಂದೇ ಪದವನ್ನು ಅದರೊಂದಿಗೇ ಹೋಲಿಸಿದರೆ 0 ಕೂಡ ಬರುತ್ತದೆ. ಒಂದು ಪದವನ್ನು ಖಾಲಿ ಅನುಕ್ರಮದೊಂದಿಗೆ ಹೋಲಿಸಿ ನೋಡಿದರೆ ಪದದ ಉದ್ದದ ಬದಲು ಸೊನ್ನೆ ಬಂದು ಗುಟ್ಟು ಹೊರಬೀಳುತ್ತದೆ.

ವೇಗದೂತ:

ನನ್ನ ಪ್ರೋಗ್ರಾಂ ಕೂಡ ಬಹಳ ನಿಧಾನವಾಗಿದೆ. ಎರಡು ಸಾಲುಗಳಿಗೆ ಇಳಿಸಿದರೆ ಎಷ್ಟು ಪಟ್ಟು ವೇಗ ಹೆಚ್ಚುತ್ತದೆ ಎಂದು ಯಾರಾದರೂ ತಿಳಿಸುವಿರಾ?

ಬಿಡಿಸಾಲು:

ಇಲ್ಲಿನ ಪ್ರಶ್ನೆ ಮೆಮೊರಿಯದ್ದು, ವೇಗದ್ದಲ್ಲ. ತುಂಬಬೇಕಾದ ಮನೆಗಳು ಮೊದಲೂ 250 ಕೋಟಿ, ಈಗಲೂ 250 ಕೋಟಿ.

ಅರ್ಧವಿರಾಮ:

ಆದರೂ ವೇಗ ಸ್ವಲ್ಪ ಹೆಚ್ಚುತ್ತದೆ. ಎರಡು ಚಿಕ್ಕ ಸಾಲುಗಳು ಪ್ರೊಸೆಸರ್‌ನ ಕ್ಯಾಶೆಯಲ್ಲಿಯೇ ಉಳಿಯುತ್ತವೆ, 10 ಜಿಬಿ ಕೋಷ್ಟಕ ಉಳಿಯುವುದಿಲ್ಲ. ಅದೂ ಅಲ್ಲದೆ ಎರಡೂ ಅನುಕ್ರಮಗಳ ಆರಂಭದಲ್ಲಿ ಮತ್ತು ಕೊನೆಯಲ್ಲಿ ಸಮಾನವಾಗಿರುವ ಭಾಗವನ್ನು ಮೊದಲೇ ಕತ್ತರಿಸಿ ತೆಗೆದರೆ ಉತ್ತರ ಬದಲಾಗದೆ ಕೆಲಸ ಕಡಿಮೆಯಾಗುತ್ತದೆ.

ಹಳೆಯ ಕೀಲಿಮಣೆ:

ಎರಡೂ ಮಾತುಗಳು ಸರಿ, ಆದರೆ ಉದ್ದಗಳ ಗುಣಲಬ್ಧ ಎಂಬ ಮೂಲ ಲೆಕ್ಕ ಕದಲುವುದಿಲ್ಲ. ಲೆವೆನ್‌ಸ್ಟೀನ್ ಈ ಅಂತರವನ್ನು 1965ರಲ್ಲಿ ನಿರೂಪಿಸಿದರು, ನಾವು ತುಂಬುತ್ತಿರುವ ಕೋಷ್ಟಕದ ಕ್ರಮವನ್ನು ವ್ಯಾಗ್ನರ್ ಮತ್ತು ಫಿಷರ್ 1974ರಲ್ಲಿ ಪ್ರಕಟಿಸಿದರು. ಅಲ್ಲಿಂದ ಇಲ್ಲಿಯವರೆಗೆ ಎಲ್ಲ ಸಂದರ್ಭಗಳಿಗೂ ಅನ್ವಯವಾಗುವಂತೆ ಆ ಗುಣಲಬ್ಧವನ್ನು ಗಣನೀಯವಾಗಿ ಕೆಳಗಿಳಿಸಿದವರಿಲ್ಲ. ಅದು ಏಕೆ ಕಷ್ಟ ಎಂಬುದಕ್ಕೆ ಬ್ಯಾಕರ್ಸ್ ಮತ್ತು ಇಂಡಿಕ್ 2015ರಲ್ಲಿ ಬಲವಾದ ಕಾರಣವನ್ನೂ ಕೊಟ್ಟಿದ್ದಾರೆ, ಅದು ಇನ್ನೂ ಸಾಧಿಸಬೇಕಾಗಿರುವ ಒಂದು ಊಹೆಯನ್ನು ಆಧರಿಸಿದ್ದರೂ. ವೇಗದೂತ ಅವರೇ, ನಿಮ್ಮ ಅನುಕ್ರಮಗಳು ಹೆಚ್ಚು ಭಿನ್ನವಾಗಿಲ್ಲ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ನಿಮಗೆ ದಾರಿಯಿದೆ.

ಪದಕೋಶಿ:

ಆ ದಾರಿಯಲ್ಲಿ ನಡೆದವಳು ನಾನು. ತಪ್ಪಾಗಿ ಬೆರಳಚ್ಚಾದ ಪದಗಳಿಗೆ ಸರಿಯಾದ ಪದವನ್ನು ಸೂಚಿಸುವ ಕೆಲಸ ನನ್ನದು. ಅಂತರ 2ನ್ನು ಮೀರಿದರೆ ಅದು 3 ಆಗಿರಲಿ 30 ಆಗಿರಲಿ, ನನಗೆ ವ್ಯತ್ಯಾಸವಿಲ್ಲ. ಹಾಗಿದ್ದಾಗ ಸಾಲಿನ ಸಂಖ್ಯೆಗೂ ಕಾಲಂ ಸಂಖ್ಯೆಗೂ 2ಕ್ಕಿಂತ ಹೆಚ್ಚು ವ್ಯತ್ಯಾಸವಿರುವ ಮನೆಗಳನ್ನು ತುಂಬುವುದೇ ಬೇಡ, ಏಕೆಂದರೆ ಅಲ್ಲಿಗೆ ತಲುಪಲು ಮೂರು ಸೇರ್ಪಡೆ ಅಥವಾ ಅಳಿಸುವಿಕೆಗಳಾದರೂ ಆಗಿರುತ್ತವೆ. ಹೀಗಾಗಿ ಪ್ರತಿ ಸಾಲಿನಲ್ಲಿ ನಡುವಿನ ಐದು ಮನೆಗಳ ಪಟ್ಟಿ ಮಾತ್ರ ಉಳಿಯುತ್ತದೆ. ಯಾವುದಾದರೂ ಸಾಲಿನ ಐದೂ ಮನೆಗಳು 2ನ್ನು ದಾಟಿದರೆ ಅಲ್ಲಿಯೇ ನಿಲ್ಲಿಸಬಹುದು, ಏಕೆಂದರೆ ಮುಂದಿನ ಸಾಲುಗಳ ಕನಿಷ್ಠ ಬೆಲೆ ಇಳಿಯುವುದಿಲ್ಲ.

ಆದರೆ ಕೋಷ್ಟಕಪ್ರಿಯ ಅವರು ಕೇಳಿದ ಹಳೆಯ ಅಂಕಿಗಳ ಪ್ರಶ್ನೆಗೆ ಇಲ್ಲಿ ಉತ್ತರ ತಿರುಗಿಬೀಳುತ್ತದೆ. ಐದೇ ಮನೆಗಳನ್ನು ಬರೆಯುವಾಗ ಅದರ ಎಡಬದಿಯ ಮನೆಯನ್ನೂ ಮೇಲಿನ ಸಾಲಿನ ಬಲತುದಿಯ ಆಚೆಗಿನ ಮನೆಯನ್ನೂ ಸೂತ್ರ ಓದುತ್ತದೆ, ಆದರೆ ಅವುಗಳನ್ನು ಈ ಸುತ್ತಿನಲ್ಲಿ ಯಾರೂ ಬರೆದಿರುವುದಿಲ್ಲ. ಎಡಬದಿಯಲ್ಲಿ ಎರಡು ಸಾಲು ಹಿಂದಿನ ಬೆಲೆ ಉಳಿದಿರುತ್ತದೆ. ಬಲಬದಿಯಲ್ಲಿ `[0] * (n + 1)` ಎಂದು ತುಂಬಿದ ಸೊನ್ನೆಯೇ ಕೂತಿರುತ್ತದೆ, ಮತ್ತು ಆ ಸೊನ್ನೆ ಸದ್ದಿಲ್ಲದೆ ಒಳನುಗ್ಗಿ ದೂರದ ಪದಗಳನ್ನೂ ಹತ್ತಿರದವು ಎಂದು ತೋರಿಸುತ್ತದೆ. ಆದ್ದರಿಂದ ಈ ಐದು ಮನೆಗಳ ಎರಡೂ ಅಂಚಿನ ಹೊರಗಿನ ಮನೆಗಳಲ್ಲಿ ಪ್ರತಿ ಸುತ್ತಿನಲ್ಲೂ ದೊಡ್ಡದೊಂದು ಸಂಖ್ಯೆಯನ್ನು ಇಡಲೇಬೇಕು. ಎರಡು ಅನುಕ್ರಮಗಳ ಉದ್ದದ ವ್ಯತ್ಯಾಸವೇ 2ನ್ನು ಮೀರಿದ್ದರೆ ಲೆಕ್ಕವನ್ನೇ ಆರಂಭಿಸಬಾರದು.

ವೇಗದೂತ:

ನನ್ನ ಅನುಕ್ರಮಗಳು ಎಷ್ಟು ಭಿನ್ನ ಎಂದು ಮೊದಲೇ ಗೊತ್ತಿಲ್ಲ. ಆಗ ಆ ಮಿತಿಯನ್ನು ಎಷ್ಟು ಎಂದು ಇಟ್ಟುಕೊಳ್ಳಲಿ?

ಪದಕೋಶಿ:

ಚಿಕ್ಕದರಿಂದ ಆರಂಭಿಸಿ, ಉತ್ತರ ಮಿತಿಯೊಳಗೆ ಸಿಗದಿದ್ದರೆ ಮಿತಿಯನ್ನು ಇಮ್ಮಡಿ ಮಾಡಿ ಮತ್ತೆ ಓಡಿಸಿ. ಸಿಕ್ಕ ಉತ್ತರ ಮಿತಿಯನ್ನು ಮೀರಿರದಿದ್ದರೆ ಅದೇ ನಿಜವಾದ ಅಂತರ. ಪ್ರತಿ ಸಲ ಕೆಲಸ ದುಪ್ಪಟ್ಟಾಗುವುದರಿಂದ ಹಿಂದಿನ ಎಲ್ಲ ಓಟಗಳ ಒಟ್ಟು ಖರ್ಚು ಕೊನೆಯ ಓಟದ ಖರ್ಚನ್ನು ಮೀರುವುದಿಲ್ಲ.

ಬಿಡಿಸಾಲು:

ಪದಕೋಶಿ ಅವರಿಗೆ ಒಂದು ಪ್ರಶ್ನೆ. ಕನ್ನಡ ಪದಗಳಲ್ಲಿ ನೀವು ಎಣಿಸುವುದು ಏನನ್ನು? ಕೋಷ್ಟಕಪ್ರಿಯ ಅವರ ಎರಡೂ ಪದಗಳಲ್ಲಿ ಕಾಗುಣಿತದ ಗುರುತುಗಳಿಲ್ಲ, ಹಾಗಾಗಿ ಬಚಾವಾದರು.

ಪದಕೋಶಿ:

ಮೊದಲು ಎರಡೂ ಅನುಕ್ರಮಗಳನ್ನು ಯೂನಿಕೋಡ್‌ನ ಒಂದೇ ರೂಪಕ್ಕೆ ತರುತ್ತೇನೆ. ಪೈಥಾನ್‌ನಲ್ಲಿ ಅದಕ್ಕೆ `unicodedata.normalize("NFC", s)` ಇದೆ. "ಕೋ" ಎಂಬುದನ್ನು `0C95 0CCB` ಎಂದು ಎರಡು ಸಂಕೇತಗಳಲ್ಲಿಯೂ ಬರೆಯಬಹುದು, `0C95 0CC6 0CC2 0CD5` ಎಂದು ನಾಲ್ಕರಲ್ಲಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಲೆಕ್ಕ ಹಾಕಿದರೆ ಅಂತರ 3 ಬರುತ್ತದೆ, ನನ್ನ ಮಿತಿಯನ್ನೇ ದಾಟುತ್ತದೆ. ಆಮೇಲೆ ಸಂಕೇತಗಳನ್ನು ಎಣಿಸಬೇಕೋ ಪೂರ್ಣ ಅಕ್ಷರಗಳನ್ನು ಎಣಿಸಬೇಕೋ ಎಂಬುದು ಕೆಲಸವನ್ನು ಅವಲಂಬಿಸಿದೆ. ಒತ್ತಕ್ಷರ ಬಿಟ್ಟುಹೋದದ್ದು ಒಂದು ತಪ್ಪು ಎಂದು ನನ್ನ ಅನಿಸಿಕೆ, ಆದರೆ ಅದನ್ನು ಸಂಕೇತಗಳಲ್ಲಿ ಎಣಿಸಿದರೆ ಹಲಂತ ಚಿಹ್ನೆ ಮತ್ತು ವ್ಯಂಜನ ಸೇರಿ ಎರಡಾಗುತ್ತದೆ. ಅನುಕ್ರಮವನ್ನು ಅಕ್ಷರಗಳ ಪಟ್ಟಿಯಾಗಿ ಒಡೆದು ಕೊಟ್ಟರೆ ಇದೇ ಪ್ರೋಗ್ರಾಂ ಬದಲಾವಣೆಯಿಲ್ಲದೆ ನಡೆಯುತ್ತದೆ.

ಬಿಡಿಸಾಲು:

ಆಗ "ಕಿ" ಎಂಬುದು "ಕೀ" ಆದರೂ "ಸ್ತ್ರೀ" ಆದರೂ ಒಂದೇ ತಪ್ಪು ಎಂದಾಗುತ್ತದೆ. ಅದನ್ನು ನಾನು ಒಪ್ಪಲಾರೆ.

ಪದಕೋಶಿ:

ಬದಲಾವಣೆಯ ಬೆಲೆಯನ್ನು 1 ಎಂದು ಸ್ಥಿರವಾಗಿಡದೆ ಅಕ್ಷರಗಳ ಜೋಡಿಗೆ ತಕ್ಕಂತೆ ಇಡಬಹುದು. ನಾನು ಇನ್ನೂ ಇಟ್ಟಿಲ್ಲ.

ಅರ್ಧವಿರಾಮ:

ಮೂಲ ವಿಷಯಕ್ಕೆ ಬರೋಣ. ಎರಡು ಸಾಲುಗಳೂ ಬೇಕಿಲ್ಲ, ಒಂದೇ ಸಾಲು ಸಾಕು. ನಾನು ಆಗ ಹೇಳಿದ ಓರೆಯ ವೇರಿಯಬಲ್ ಕೆಲಸಕ್ಕೆ ಬರುವುದು ಇಲ್ಲಿಯೇ:

```python
def dist1(a, b):
    if len(b) > len(a):
        a, b = b, a
    row = list(range(len(b) + 1))
    for i, x in enumerate(a, 1):
        diag, row[0] = row[0], i
        for j, y in enumerate(b, 1):
            up = row[j]
            row[j] = min(up + 1, row[j-1] + 1, diag + (x != y))
            diag = up
    return row[-1]
```

ಚಿಕ್ಕ ಅನುಕ್ರಮವನ್ನು ಅಡ್ಡಕ್ಕೆ ಇಟ್ಟರೆ ಸಾಲು ಇನ್ನಷ್ಟು ಕಿರಿದಾಗುತ್ತದೆ. ಇದಕ್ಕಿಂತ ಕಡಿಮೆ ಮೆಮೊರಿಯ ಸರಳ ವಿಧಾನ ಇಲ್ಲ, ಆದ್ದರಿಂದ ಎಲ್ಲರೂ ಇದನ್ನೇ ಬಳಸಬೇಕು.

ಹಳೆಯ ಕೀಲಿಮಣೆ:

ಪ್ರೋಗ್ರಾಂ ಸರಿಯಾಗಿದೆ, ಕೊನೆಯ ವಾಕ್ಯಕ್ಕೆ ಮಾತ್ರ ನನ್ನ ತಕರಾರು. 50,000 ಉದ್ದಕ್ಕೆ 4 ಬೈಟ್‌ಗಳ ಒಂದು ಸಾಲು ಸುಮಾರು 200 ಕೆಬಿ, ಎರಡು ಸಾಲುಗಳಾದರೆ 400 ಕೆಬಿ. 10 ಜಿಬಿಯಿಂದ ಇಲ್ಲಿಗೆ ಇಳಿದ ಮೇಲೆ ಉಳಿದ ಆ 200 ಕೆಬಿಗಾಗಿ ಓದುವವರನ್ನು `up` ಮತ್ತು `diag` ಕ್ರಮದಲ್ಲಿ ಸಿಕ್ಕಿಸುವುದು ನನಗೆ ಲಾಭವೆಂದು ಕಾಣುವುದಿಲ್ಲ. `diag = up` ಎಂಬ ಸಾಲನ್ನು ಒಬ್ಬರು ಒಂದು ಹೆಜ್ಜೆ ಮೇಲೆ ಸರಿಸಿದರೂ ಓರೆಯ ಮನೆಯ ಜಾಗದಲ್ಲಿ ಮೇಲಿನ ಮನೆಯನ್ನು ಓದಿದಂತಾಗುತ್ತದೆ. ಅನುಕ್ರಮಗಳನ್ನು ಅದಲುಬದಲು ಮಾಡುವುದೂ ಸೇರ್ಪಡೆ ಮತ್ತು ಅಳಿಸುವಿಕೆಗೆ ಒಂದೇ ಬೆಲೆ ಇರುವವರೆಗೆ ಮಾತ್ರ ಸರಿ. ಬೆಲೆಗಳು ಬೇರೆಯಾದರೆ ಅವುಗಳನ್ನೂ ಅದಲುಬದಲು ಮಾಡಬೇಕು.

ಇನ್ನೊಂದು ಮಾತು. ಪದಕೋಶಿ ಅವರಂಥವರು ಪಕ್ಕಪಕ್ಕದ ಎರಡು ಅಕ್ಷರಗಳು ಸ್ಥಾನ ಬದಲಿಸಿದ್ದನ್ನು ಒಂದೇ ತಪ್ಪು ಎಂದು ಎಣಿಸಬಯಸುತ್ತಾರೆ. "ಕಮಲ" ಎಂದು ಬರೆಯಲು ಹೋಗಿ "ಕಲಮ" ಎಂದು ಬರೆದರೆ ನಮ್ಮ ಸೂತ್ರ 2 ಎನ್ನುತ್ತದೆ. ಅದನ್ನು 1 ಮಾಡಲು ಎರಡು ಸಾಲು ಮೇಲೆ, ಎರಡು ಕಾಲಂ ಎಡಕ್ಕೆ ಇರುವ ಮನೆ ಬೇಕು, ಅಂದರೆ ಮೂರು ಸಾಲುಗಳನ್ನು ಸರದಿಯಲ್ಲಿ ತಿರುಗಿಸಬೇಕು. ಎರಡು ಸಾಲುಗಳ ಪ್ರೋಗ್ರಾಂ ಬರೆದವರಿಗೆ ಅದು ಒಂದು ಹೆಸರನ್ನು ಸೇರಿಸುವಷ್ಟು ಸುಲಭ. ಒಂದು ಸಾಲಿನದ್ದನ್ನು ಬರೆದವರು ಮೊದಲಿನಿಂದ ಆರಂಭಿಸಬೇಕು.

ಅರ್ಧವಿರಾಮ:

ಸ್ಥಾನಪಲ್ಲಟ ಬೇಕಾದವರ ಪ್ರಶ್ನೆ ಬೇರೆ. ಬೇಡವಾದವರಿಗೆ ನನ್ನದೇ ಚೊಕ್ಕ ಎಂಬ ಮಾತಿಗೆ ನಾನು ಈಗಲೂ ಬದ್ಧ. ಒಂದೇ ಪಟ್ಟಿ ಇರುವಲ್ಲಿ ಒಂದು ಪಟ್ಟಿಗೆ ಎರಡು ಹೆಸರು ಬೀಳುವ ಅಪಾಯವಾದರೂ ಎಲ್ಲಿದೆ?

ಕೋಷ್ಟಕಪ್ರಿಯ:

ನನಗೆ ಅಂತರದ ಜೊತೆಗೆ ಯಾವ ಅಕ್ಷರ ಅಳಿಯಿತು, ಯಾವುದು ಸೇರಿತು ಎಂಬ ವಿವರವೂ ಬೇಕಿತ್ತು. ಪೂರ್ಣ ಕೋಷ್ಟಕದಲ್ಲಿ ಕೊನೆಯ ಮನೆಯಿಂದ ಹಿಂದಕ್ಕೆ ನಡೆದು ಅದನ್ನು ಪಡೆಯುತ್ತಿದ್ದೆ. ಈಗ ಹಿಂದೆ ನಡೆಯಲು ಸಾಲುಗಳೇ ಉಳಿದಿಲ್ಲ.

ಅರ್ಧವಿರಾಮ:

ಸಾಲುಗಳನ್ನು ಎಸೆದ ಮೇಲೆ ಹಾದಿ ಸಿಗುವುದಿಲ್ಲ. ಹಾದಿ ಬೇಕಿದ್ದರೆ ಪೂರ್ಣ ಕೋಷ್ಟಕವನ್ನು ಇಟ್ಟುಕೊಳ್ಳಲೇಬೇಕು.

ಹಳೆಯ ಕೀಲಿಮಣೆ:

ನೇರವಾಗಿ ಸಿಗುವುದಿಲ್ಲ ಎಂಬುದು ನಿಜ, ಆದರೆ ಪೂರ್ಣ ಕೋಷ್ಟಕ ಬೇಕೇ ಬೇಕು ಎಂಬುದು ನಿಜವಲ್ಲ. ಹಿರ್ಷ್‌ಬರ್ಗ್ 1975ರಲ್ಲಿ ಪ್ರಕಟಿಸಿದ ಉಪಾಯವನ್ನು ನಿಮ್ಮ ಪದಗಳ ಮೇಲೆಯೇ ತೋರಿಸುತ್ತೇನೆ.

"ನಗರ"ವನ್ನು "ನ" ಮತ್ತು "ಗರ" ಎಂದು ಎರಡಾಗಿ ಒಡೆಯಿರಿ. ಅತ್ಯುತ್ತಮ ಹಾದಿ ಯಾವುದೇ ಆಗಿರಲಿ, ಅದರಲ್ಲಿ "ನ" ಎಂಬ ಭಾಗ "ಗರಗಸ"ದ ಆರಂಭದ ಯಾವುದೋ ತುಂಡಾಗುತ್ತದೆ, "ಗರ" ಎಂಬ ಭಾಗ ಉಳಿದ ತುಂಡಾಗುತ್ತದೆ. ಆ ತುಂಡು ಎಲ್ಲಿ ಕಡಿಯುತ್ತದೆ ಎಂಬುದಷ್ಟೇ ಪ್ರಶ್ನೆ. ಮೇಲಿನಿಂದ "ನ"ವರೆಗೆ ಸಾಲು ತಿರುಗಿಸಿದರೆ 1 1 2 3 4 ಸಿಗುತ್ತದೆ: ಇವು ಆರಂಭದ 0, 1, 2, 3, 4 ಅಕ್ಷರಗಳ ತುಂಡುಗಳಿಗೆ "ನ"ದಿಂದ ಇರುವ ಅಂತರಗಳು. ಎರಡೂ ಅನುಕ್ರಮಗಳನ್ನು ಹಿಂದುಮುಂದು ಮಾಡಿ ಕೆಳಗಿನಿಂದ "ಗರ"ಕ್ಕೆ ಸಾಲು ತಿರುಗಿಸಿದರೆ ಉಳಿದ ತುಂಡುಗಳಿಗೆ 2 2 1 2 2 ಸಿಗುತ್ತದೆ. ಎರಡನ್ನೂ ಮನೆಗೆ ಮನೆ ಕೂಡಿಸಿ: 3 3 3 5 6. ಕನಿಷ್ಠ 3, ಅದೇ ಉತ್ತರ, ಮತ್ತು ಕನಿಷ್ಠ ಬಂದ ಜಾಗವೇ ಕಡಿಯುವ ಜಾಗ. ಅಲ್ಲಿ ಕಡಿದು ಎರಡೂ ಬದಿಯ ಚಿಕ್ಕ ಸಮಸ್ಯೆಗಳ ಮೇಲೆ ಇದನ್ನೇ ಮತ್ತೆ ಮಾಡಿ, ಒಂದು ಬದಿಯಲ್ಲಿ ಒಂದೇ ಅಕ್ಷರ ಉಳಿಯುವವರೆಗೆ. ಪ್ರತಿ ಹಂತದಲ್ಲಿ ಕೋಷ್ಟಕದ ವಿಸ್ತಾರ ಅರ್ಧವಾಗುತ್ತಾ ಹೋಗುವುದರಿಂದ ಒಟ್ಟು ಕೆಲಸ ಸುಮಾರು ಎರಡು ಪಟ್ಟಾಗುತ್ತದೆ, ಮೆಮೊರಿ ಮಾತ್ರ ಸಾಲುಗಳ ಮಟ್ಟದಲ್ಲಿಯೇ ಉಳಿಯುತ್ತದೆ.

ಕೋಷ್ಟಕಪ್ರಿಯ:

ಕನಿಷ್ಠ 3 ಮೂರು ಜಾಗಗಳಲ್ಲಿ ಬಂದಿದೆಯಲ್ಲ? ಯಾವುದನ್ನು ಆರಿಸಬೇಕು?

ಹಳೆಯ ಕೀಲಿಮಣೆ:

ಯಾವುದನ್ನಾದರೂ. ಅಂತರ ಒಂದೇ ಆದರೂ ಹಾದಿಗಳು ಹಲವಿರಬಹುದು. ಮೊದಲ ಜಾಗದಲ್ಲಿ ಕಡಿದರೆ "ನ"ವನ್ನು ಅಳಿಸಿ, "ಗರ"ವನ್ನು ಉಳಿಸಿಕೊಂಡು, "ಗ" ಮತ್ತು "ಸ" ಸೇರಿಸಿದಂತೆ. ಎರಡನೆಯದರಲ್ಲಿ ಕಡಿದರೆ "ನ"ವನ್ನು "ಗ" ಮಾಡಿ, "ರ" ಸೇರಿಸಿ, "ಗ"ವನ್ನು ಉಳಿಸಿಕೊಂಡು, ಕೊನೆಯ "ರ"ವನ್ನು "ಸ" ಮಾಡಿದಂತೆ. ಎರಡೂ ಮೂರೇ ತಿದ್ದುಪಡಿಗಳು. ನಿಮ್ಮ ಹಳೆಯ ಪ್ರೋಗ್ರಾಂನ ಹಾದಿಗೂ ಹೊಸದರ ಹಾದಿಗೂ ಹೋಲಿಕೆ ಆಗದಿದ್ದರೆ ಗಾಬರಿಯಾಗಬೇಡಿ. ಪ್ರತಿಯೊಂದರ ತಿದ್ದುಪಡಿಗಳನ್ನು ನಿಜವಾಗಿಯೂ ಅನ್ವಯಿಸಿ ಎರಡನೆಯ ಅನುಕ್ರಮ ಬರುತ್ತದೆಯೇ, ಬೆಲೆ ಅಂತರಕ್ಕೆ ಸಮವೇ ಎಂದು ಪರೀಕ್ಷಿಸಿ.

ಪದಕೋಶಿ:

ನನ್ನ ಕೆಲಸದಲ್ಲಿ ಓದುಗರಿಗೆ ಮೊದಲ ಹಾದಿ ಸಹಜವಾಗಿ ಕಾಣುತ್ತದೆ, ಎರಡನೆಯದು ವಿಚಿತ್ರವಾಗಿ ಕಾಣುತ್ತದೆ. ಮಧ್ಯದಲ್ಲಿ ಕಡಿಯುವಾಗಲೇ ಉದ್ದನೆಯ ಹೊಂದಿಕೆಯುಳ್ಳ ಹಾದಿಯನ್ನು ಆರಿಸುವುದು ಸಾಧ್ಯವೇ? ಕೂಡಿಸಿದ ಸಾಲಿನಲ್ಲಿ ಅಂತರ ಮಾತ್ರ ಇದೆ, ಎಷ್ಟು ಅಕ್ಷರಗಳು ಹೊಂದಿದವು ಎಂಬುದಿಲ್ಲ.

ಬಿಡಿಸಾಲು:

ಪ್ರತಿ ಮನೆಯಲ್ಲಿ ಅಂತರದ ಜೊತೆಗೆ ಹೊಂದಿಕೆಗಳ ಎಣಿಕೆಯನ್ನೂ ಜೋಡಿಯಾಗಿ ಇಟ್ಟು, ಅಂತರ ಸಮವಾದಾಗ ಹೆಚ್ಚು ಹೊಂದಿಕೆ ಇರುವುದನ್ನು ಆರಿಸಿದರೆ ಆಗಬೇಕು. ಮೊದಲ ಹಾದಿಯಲ್ಲಿ ಎರಡು ಹೊಂದಿಕೆಗಳು, ಎರಡನೆಯದರಲ್ಲಿ ಒಂದೇ. ಆದರೆ ಹೊಂದಿಕೆಗಳು ಒಟ್ಟಾಗಿ ಒಂದೇ ಕಡೆ ಇವೆಯೋ ಚದುರಿವೆಯೋ ಎಂಬುದನ್ನು ಈ ಜೋಡಿ ಹೇಳುವುದಿಲ್ಲ.

ಹಳೆಯ ಕೀಲಿಮಣೆ:

ಜೋಡಿ ಇಡುವುದು ಸರಿಯಾಗಿ ನಡೆಯುತ್ತದೆ, ಏಕೆಂದರೆ ಎರಡೂ ಎಣಿಕೆಗಳು ಹಾದಿಯುದ್ದಕ್ಕೂ ಕೂಡುತ್ತಾ ಹೋಗುವಂಥವು. ಒಂದೇ ಕಡೆ ಒಟ್ಟಾಗಿರಬೇಕು ಎಂದಾದರೆ ಹಿಂದಿನ ಹೆಜ್ಜೆ ಯಾವುದಾಗಿತ್ತು ಎಂಬುದನ್ನೂ ಮನೆಯಲ್ಲಿ ಇಡಬೇಕು, ಪ್ರತಿ ಸಾಲೂ ಹಲವು ಸಾಲುಗಳಾಗಿ ಒಡೆಯುತ್ತದೆ, ಕಡಿಯುವ ಜಾಗದಲ್ಲಿ ಎರಡು ಬದಿಯ ಹೆಜ್ಜೆಗಳನ್ನು ಹೊಂದಿಸಿ ಕೂಡಿಸಬೇಕಾಗುತ್ತದೆ. ಪದಕೋಶಿ ಅವರ ಪದಗಳು ಅಷ್ಟು ಚಿಕ್ಕವಾಗಿದ್ದರೆ ಅವರು ಪೂರ್ಣ ಕೋಷ್ಟಕವನ್ನೇ ಇಟ್ಟುಕೊಂಡು ಎಲ್ಲ ಹಾದಿಗಳನ್ನೂ ನೋಡಿ ಆರಿಸುವುದು ಒಳ್ಳೆಯದು.